ಗುರುತಿಲ್ಲದ ಪ್ರೊಫೆಸರ್‌ಗೆ ಮೊದಲ ಮೇಲ್: 'ರೆಸ್ಪೆಕ್ಟೆಡ್ ಸರ್' ಬೇಡ ಅಂದ್ರೆ ಏನು ಬರೆಯಲಿ?

ಕಾವ್ಯ ಎಚ್.ಎಂ.

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು. ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಕೊನೆಯ ವರ್ಷ. ಪಿಎಚ್‌ಡಿಗಾಗಿ ಜರ್ಮನಿಯ ಆರು ಪ್ರೊಫೆಸರ್‌ಗಳಿಗೆ ಮೇಲ್ ಕಳಿಸಿದ್ದೆ. ಆರರಲ್ಲೂ ಶುರು ಒಂದೇ ಥರ:

```
Respected Sir,
Greetings of the day!
I hope this mail finds you in good health.
```

ಐದು ಜನ ಉತ್ತರವನ್ನೇ ಕೊಟ್ಟಿಲ್ಲ. ಒಬ್ಬರು ಎರಡೇ ಸಾಲು ಬರೆದರು. "ನಾನು ಸರ್ ಅಲ್ಲ. ದಯವಿಟ್ಟು ನಮ್ಮ ಗುಂಪಿನ ಪುಟ ನೋಡಿ" ಅಂತ. ಓದಿ ತುಂಬಾ ಬೇಜಾರಾಯಿತು. ಅವರು ಹೆಂಗಸು ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ಕಾಲೇಜಿನಲ್ಲಿ ರಜೆ ಅರ್ಜಿಯಿಂದ ಹಿಡಿದು ಎಲ್ಲದಕ್ಕೂ 'ರೆಸ್ಪೆಕ್ಟೆಡ್ ಸರ್' ಅಂತಲೇ ಕಲಿಸಿದ್ದಾರೆ.

ನನ್ನ ಪ್ರಶ್ನೆ ಎರಡು. ಮುಖವನ್ನೇ ನೋಡಿಲ್ಲದವರಿಗೆ ಮೇಲ್ ಹೇಗೆ ಶುರು ಮಾಡಬೇಕು? ಇವರಿಗೆ ಮತ್ತೆ ಬರೆಯಬಹುದಾ, ಅಥವಾ ಅಲ್ಲಿಗೆ ಮುಗಿಯಿತಾ?

ನಿವೃತ್ತ ಗುಮಾಸ್ತ

ನೋಡಮ್ಮ, ನಾನು ಮೂವತ್ತೊಂದು ವರ್ಷ ಕಚೇರಿಯಲ್ಲಿ ಪತ್ರ ಟೈಪ್ ಮಾಡಿದವನು. ಇದಕ್ಕೆ ನಿಯಮ ಇದೆ. ಹೆಸರು ಗೊತ್ತಿಲ್ಲದಿದ್ದರೆ 'ಡಿಯರ್ ಸರ್', ಕೊನೆಗೆ 'ಯುವರ್ಸ್ ಫೇತ್‌ಫುಲಿ'. ಹೆಸರು ಹಾಕಿ ಶುರು ಮಾಡಿದರೆ ಕೊನೆಗೆ 'ಯುವರ್ಸ್ ಸಿನ್ಸಿಯರ್ಲಿ'. ಇವೆರಡನ್ನೂ ಅದಲುಬದಲು ಮಾಡಿದರೆ ನಮ್ಮ ಸೂಪರಿಂಟೆಂಡೆಂಟ್ ಪತ್ರವನ್ನೇ ವಾಪಸ್ ಕಳಿಸುತ್ತಿದ್ದರು. ನೀನು 'ಡಿಯರ್ ಸರ್ ಆರ್ ಮೇಡಂ' ಅಂತ ಹಾಕಿಬಿಡು. ಯಾರಿಗೂ ನೋವಾಗುವುದಿಲ್ಲ.

ಡ್ರೆಸ್ಡೆನ್ ಡೈರಿ

ಕಾವ್ಯ ಅವರೇ, ನಾನು ಇಲ್ಲಿ ಜರ್ಮನಿಯ ಒಂದು ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮ ಗುಂಪಿಗೆ ಬರುವ ಇಂಥ ಮೇಲ್‌ಗಳನ್ನು ಮೊದಲು ಓದುವವರಲ್ಲಿ ನಾನೂ ಒಬ್ಬಳು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಗುಮಾಸ್ತ ಸರ್ ಹೇಳಿದ ಫೇತ್‌ಫುಲಿ, ಸಿನ್ಸಿಯರ್ಲಿ ನಿಯಮ ನಿಜವೇ. ಅದು ಬ್ರಿಟಿಷ್ ಪದ್ಧತಿ. ಆದರೆ 'ಡಿಯರ್ ಸರ್' ಹೆಸರು ಗೊತ್ತಿಲ್ಲದಾಗ ಬಳಸುವ ದಾರಿ. ಕಾವ್ಯಗೆ ಹೆಸರು ಗೊತ್ತಿದೆ. ಮೇಲ್ ಐಡಿಯಲ್ಲೇ ಇದೆ, ಪುಟದ ಮೇಲೂ ಇದೆ. ಹೆಸರು ಕಣ್ಣ ಮುಂದೆ ಇದ್ದಾಗ 'ಸರ್ ಆರ್ ಮೇಡಂ' ಅಂತ ಹಾಕಿದರೆ, ಇವಳು ನಮ್ಮ ಪುಟ ತೆರೆದೇ ಇಲ್ಲ, ಇದೇ ಮೇಲ್ ಐವತ್ತು ಕಡೆ ಹೋಗಿದೆ ಅಂತ ಓದುವವರಿಗೆ ಅನಿಸುತ್ತದೆ. 'ರೆಸ್ಪೆಕ್ಟೆಡ್ ಸರ್' ನೋಡಿದಾಗಲೂ ಹೀಗೇ. ಅದು ನಮ್ಮಲ್ಲಿ ಬೆಳೆದ ಇಂಗ್ಲಿಷ್. ಇಲ್ಲಿಯವರಿಗೆ ಅದರಲ್ಲಿ ಗೌರವ ಕಾಣುವುದಿಲ್ಲ, ಅಚ್ಚು ಹಾಕಿದ ಮೇಲ್ ಕಾಣುತ್ತದೆ.

ಇಂಗ್ಲಿಷ್‌ನಲ್ಲಿ ಬರೆಯುವಾಗ ಇಷ್ಟು ಸಾಕು (ಮುಲ್ಲರ್ ಅನ್ನುವುದು ಇಲ್ಲಿ ತುಂಬಾ ಜನರಿಗೆ ಇರುವ ಮನೆತನದ ಹೆಸರು, ಉದಾಹರಣೆಗೆ ತೆಗೆದುಕೊಂಡಿದ್ದೇನೆ):

```
Dear Professor Müller,
```

'ಪ್ರೊಫೆಸರ್' ಅಂತ ಹಾಕಿದರೆ ಇಂಗ್ಲಿಷ್‌ನಲ್ಲಿ ಗಂಡೋ ಹೆಣ್ಣೋ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ನೀವು ಬಿದ್ದ ಗುಂಡಿ ಅದೇ ಅಲ್ವಾ? ಪದವಿ ಮತ್ತು ಮನೆತನದ ಹೆಸರು ಹಾಕಿದ್ದರೆ ಬೀಳುತ್ತಿರಲಿಲ್ಲ.

ಇನ್ನು ಪುಟದಲ್ಲಿ ಏನು ನೋಡಬೇಕು ಅಂದ್ರೆ, ಹೆಸರಿನ ಹಿಂದೆ ಏನಿದೆ ಅಂತ. `Prof. Dr.` ಇದ್ದರೆ ಪ್ರೊಫೆಸರ್ ಒಂದೇ ಸಾಕು, ಡಾಕ್ಟರ್ ಬೇಡ. `Jun.-Prof.` ಇದ್ದರೂ ಪ್ರೊಫೆಸರ್ ಅಂತಲೇ ಬರೆಯಬಹುದು. ಆದರೆ `PD Dr.` ಅಂತಿದ್ದರೆ ಅವರು ಪಾಠ ಮಾಡುವ ಅರ್ಹತೆ ಪಡೆದವರು, ಪ್ರೊಫೆಸರ್ ಹುದ್ದೆ ಇರಲೇಬೇಕು ಅಂತಿಲ್ಲ. ಅವರಿಗೆ 'ಡಿಯರ್ ಡಾಕ್ಟರ್' ಮತ್ತು ಮನೆತನದ ಹೆಸರು. ಇಲ್ಲಿ ತಪ್ಪಿದರೆ ಯಾರೂ ಮೇಲ್ ಅಳಿಸುವುದಿಲ್ಲ. ಆದರೂ ಸರಿಯಾಗಿ ಬರೆದರೆ, ಪುಟ ನೋಡಿ ಬರೆದಿದ್ದಾಳೆ ಅಂತ ಗೊತ್ತಾಗುತ್ತದೆ.

ಸೀಗೇಹಳ್ಳಿ ರೈತ

ನನಗೂ ಇದೇ ತೊಂದರೆ ಆಗಿದೆ. ಪಹಣಿ ತಿದ್ದುಪಡಿ ಬಗ್ಗೆ ತಹಸೀಲ್ದಾರರಿಗೆ ಮೇಲ್ ಮಾಡಬೇಕು. ನಾನು ಇನ್ನೂ ನೋಡಿಲ್ಲ ಅವರನ್ನು. ಹೊಸಬರು ಬಂದಿದ್ದಾರಂತೆ. ಹೆಂಗಸು ಅಂತ ಒಬ್ಬರು, ಗಂಡಸು ಅಂತ ಇನ್ನೊಬ್ಬರು ಹೇಳುತ್ತಾರೆ. 'ಪ್ರಿಯ ತಹಸೀಲ್ದಾರರೇ' ಅಂತ ಬರೆದರೆ ಸರಿ ಹೋಗುತ್ತದಾ?

ನಿವೃತ್ತ ಗುಮಾಸ್ತ

ಬೇಡ ಯಜಮಾನರೇ. ಕಚೇರಿಗೆ 'ಪ್ರಿಯ' ಹೊಂದುವುದಿಲ್ಲ. ಮೇಲೆ ಇವರಿಗೆ ಅಂತ ಹಾಕಿ 'ತಹಸೀಲ್ದಾರರು', ತಾಲ್ಲೂಕಿನ ಹೆಸರು. ಆಮೇಲೆ 'ಮಾನ್ಯರೇ,' ಅಂತ ಶುರು ಮಾಡಿ. ಕೆಳಗೆ ವಿಷಯ, ಸರ್ವೆ ನಂಬರ್. ಮೇಲ್ ಆದರೂ ಅವರು ಅದನ್ನು ಪ್ರಿಂಟ್ ತೆಗೆದು ಕಡತಕ್ಕೆ ಹಾಕುತ್ತಾರೆ. ಹಾಗಾಗಿ ಪತ್ರದ ರೂಪದಲ್ಲೇ ಇರಲಿ. 'ಮಾನ್ಯರೇ' ಅಂದರೆ ಗಂಡಸಿಗೂ ಸರಿ, ಹೆಂಗಸಿಗೂ ಸರಿ.

ಡ್ರೆಸ್ಡೆನ್ ಡೈರಿ

ರೈತರ ಪ್ರಶ್ನೆ ಬೇರೆಯದಾದರೂ ಗುಮಾಸ್ತ ಸರ್ ಕೊನೆಗೆ ಹೇಳಿದ ಮಾತು ತುಂಬಾ ಮುಖ್ಯ. ಕನ್ನಡದ 'ಮಾನ್ಯರೇ', 'ಸಂಪಾದಕರೇ', 'ವ್ಯವಸ್ಥಾಪಕರೇ' ಇವೆಲ್ಲ ಯಾರಿಗೂ ಹೊಂದುತ್ತವೆ. ಆ 'ರೇ' ನಮಗೆ ಎಷ್ಟು ಅನುಕೂಲ ನೋಡಿ. ಅದನ್ನೇ ಇಂಗ್ಲಿಷ್‌ಗೆ ತರುವಾಗ ನಾವು 'ರೆಸ್ಪೆಕ್ಟೆಡ್ ಸರ್' ಮಾಡಿದೆವು. ಗೌರವ ಉಳಿಯಿತು, ಜೊತೆಗೆ ಇಲ್ಲದ ಗಂಡಸುತನ ಸೇರಿಕೊಂಡಿತು.

'ಪ್ರಿಯ' ವಿಷಯವೂ ಹಾಗೇ. ಕನ್ನಡದಲ್ಲಿ ಅದಕ್ಕೆ ಸಲುಗೆ ಇದೆ. ಇಂಗ್ಲಿಷ್‌ನ 'ಡಿಯರ್'ಗೆ ಪತ್ರದ ಶುರುವಿನಲ್ಲಿ ಆ ಸಲುಗೆ ಇಲ್ಲ. ಅದು ಬರೀ ಔಪಚಾರಿಕ. ನಮ್ಮ ಹುಡುಗಿಯರು 'ಡಿಯರ್' ಬರೆಯಲು ಹಿಂಜರಿದು 'ರೆಸ್ಪೆಕ್ಟೆಡ್'ಗೆ ಹೋಗುವುದನ್ನು ನಾನು ನೋಡಿದ್ದೇನೆ. ನಾನೂ ಮೊದಲ ವರ್ಷ ಹಾಗೇ ಮಾಡುತ್ತಿದ್ದೆ. ಹಿಂಜರಿಯಬೇಕಾಗಿಲ್ಲ.

ಮಲ್ಲೇಶ್ವರದ ಎಚ್‌ಆರ್

ನನಗೆ ಇಷ್ಟೆಲ್ಲ ಬೇಕಾ ಅನಿಸುತ್ತದೆ. ನಾನು ಐಟಿ ಕಂಪನಿಗೆ ಜನ ಆರಿಸುವವಳು. ಇಲ್ಲಿ 'ಹಾಯ್' ಮತ್ತು ಹೆಸರು, ಅಷ್ಟೇ. ಅಮೆರಿಕದ ಮ್ಯಾನೇಜರ್‌ಗೂ ಮೊದಲ ಮೇಲ್‌ನಲ್ಲೇ 'ಹಾಯ್ ಸ್ಟೀವ್'. 'ಡಿಯರ್ ಮಿಸ್ಟರ್' ಅಂತ ಬಂದರೆ ನಮಗೆ ಬ್ಯಾಂಕ್ ನೋಟಿಸ್ ನೆನಪಾಗುತ್ತದೆ. ಕಾವ್ಯ, ಸುಮ್ನೆ 'ಹಾಯ್' ಅಂತ ಸ್ನೇಹದಿಂದ ಶುರು ಮಾಡಿ. ಇಲ್ಲದಿದ್ದರೆ 'ಗುಡ್ ಮಾರ್ನಿಂಗ್' ಹಾಕಿ. ಅದು ಎಲ್ಲ ಕಡೆ ನಡೆಯುತ್ತದೆ.

ಡ್ರೆಸ್ಡೆನ್ ಡೈರಿ

ಮೇಡಂ, ನಿಮ್ಮ ಕ್ಷೇತ್ರದಲ್ಲಿ ನೀವು ಹೇಳಿದ್ದೇ ಸರಿ. ಐಟಿಯಲ್ಲಿ, ಅದರಲ್ಲೂ ಅಮೆರಿಕದವರ ಜೊತೆ, ಹಾಯ್ ಮತ್ತು ಮೊದಲ ಹೆಸರು ನಡೆಯುತ್ತದೆ. ಬರ್ಲಿನ್‌ನ ಸ್ಟಾರ್ಟ್‌ಅಪ್‌ನವರೂ ಹಾಗೇ ಬರೆಯುತ್ತಾರೆ. ಆದರೆ ಜರ್ಮನ್ ವಿಶ್ವವಿದ್ಯಾಲಯ ಬೇರೆ. ಇಲ್ಲಿ ನಮ್ಮ 'ನೀನು', 'ನೀವು' ಥರ ಎರಡು ಪದ ಇವೆ, `du` ಮತ್ತು `Sie`. 'ನೀನು' ಅನ್ನೋಣ ಅಂತ ಹೇಳುವ ಹಕ್ಕು ಹಿರಿಯರದ್ದು. ಗುರುತಿಲ್ಲದ ಪ್ರೊಫೆಸರ್‌ಗೆ ಮೊದಲ ಹೆಸರಿನಿಂದ ಬರೆದರೆ, ನಮ್ಮೂರಲ್ಲಿ ಹೊಸ ಮೇಷ್ಟ್ರನ್ನು ಏಕವಚನದಲ್ಲಿ ಕರೆದ ಹಾಗೆ. ಇಂಗ್ಲಿಷ್‌ನಲ್ಲಿ ಬರೆದರೂ ಆ ಭಾವ ಹಿಂದೆ ಇದ್ದೇ ಇರುತ್ತದೆ.

'ಗುಡ್ ಮಾರ್ನಿಂಗ್' ಬಗ್ಗೆ ಒಂದು ಮಾತು. ನೀವು ಹಾಸನದಲ್ಲಿ ಬೆಳಿಗ್ಗೆ ಹತ್ತಕ್ಕೆ ಕಳಿಸಿದರೆ ಚಳಿಗಾಲದಲ್ಲಿ ಇಲ್ಲಿ ಐದೂವರೆ. ಅವರು ಓದುವುದು ಮಧ್ಯಾಹ್ನ ಊಟದ ನಂತರ ಇರಬಹುದು. ತಪ್ಪೇನಲ್ಲ. ಆದರೆ ಅಪರಿಚಿತರಿಗೆ ಬರೆಯುವಾಗ ಹೆಸರಿಲ್ಲದ 'ಗುಡ್ ಮಾರ್ನಿಂಗ್' ಹೆಸರಿಲ್ಲದ 'ಸರ್' ಥರವೇ.

ಬಾದಾಮಿ ಹುಡುಗ

ನನ್ನದೊಂದು ಸಲಹೆ. ಶುರುವನ್ನು ಜರ್ಮನ್‌ನಲ್ಲೇ ಬರೆಯಿರಿ, ಉಳಿದದ್ದು ಇಂಗ್ಲಿಷ್. ನಾನು ಆನ್‌ಲೈನ್‌ನಲ್ಲಿ ಎ1 ಕೋರ್ಸ್ ಮಾಡುತ್ತಿದ್ದೇನೆ. ಹೀಗೆ ಬರೆಯಬೇಕು ಅಂತ ನಮಗೆ ಕಲಿಸಿದ್ದಾರೆ:

```
Sehr geehrte Damen und Herren,
```

ಅವರ ಭಾಷೆಯಲ್ಲಿ ಮಾತಾಡಿಸಿದರೆ ಖುಷಿ ಆಗುತ್ತದೆ ಅಲ್ವಾ?

ಡ್ರೆಸ್ಡೆನ್ ಡೈರಿ

ಕಲಿತದ್ದು ಸರಿಯಾಗಿದೆ ತಮ್ಮ, ಆದರೆ ಅದು 'ಮಹಿಳೆಯರೇ ಮತ್ತು ಮಹನೀಯರೇ'. ಕಚೇರಿಗೆ, ಹೆಸರು ಗೊತ್ತಿಲ್ಲದ ವಿಭಾಗಕ್ಕೆ ಅದು ಹೊಂದುತ್ತದೆ. ಒಬ್ಬರೇ ವ್ಯಕ್ತಿಗೆ ಬರೆಯುವಾಗ ಅದು ನಮ್ಮ 'ಸರ್ ಆರ್ ಮೇಡಂ'. ಒಬ್ಬ ಮಹಿಳಾ ಪ್ರೊಫೆಸರ್‌ಗೆ ಜರ್ಮನ್‌ನಲ್ಲಿ ಹೀಗೆ:

```
Sehr geehrte Frau Professorin Müller,
```

ಗಂಡಸಾದರೆ `Sehr geehrter Herr Professor`. `geehrte` ಪದದ ಕೊನೆಯ ಅಕ್ಷರವೂ ಬದಲಾಗುತ್ತದೆ, ಗಮನಿಸಿ. ಅಂದರೆ ಜರ್ಮನ್‌ನಲ್ಲಿ ಗಂಡೋ ಹೆಣ್ಣೋ ಅನ್ನುವುದು ಗೊತ್ತಿರಲೇಬೇಕು. ಮೊದಲ ಹೆಸರು ನೋಡಿ ಊಹಿಸಬೇಡಿ. ಆಂಡ್ರಿಯಾ ಅನ್ನುವುದು ಜರ್ಮನಿಯಲ್ಲಿ ಹೆಂಗಸಿನ ಹೆಸರು, ಇಟಲಿಯಲ್ಲಿ ಗಂಡಸಿನದ್ದು. ಇಲ್ಲಿನ ಲ್ಯಾಬ್‌ಗಳಲ್ಲಿ ಇಟಲಿಯವರೂ ಇದ್ದಾರೆ.

ಊಹೆ ಮಾಡದೆ ತಿಳಿಯುವ ದಾರಿ ಇದೆ. ಅವರ ಜರ್ಮನ್ ಪುಟ ತೆರೆಯಿರಿ, ಇಂಗ್ಲಿಷ್ ಪುಟ ಅಲ್ಲ. ಹುದ್ದೆಯ ಪದ ನೋಡಿ. `Leiter` ಅಂದರೆ ಗುಂಪಿನ ಮುಖ್ಯಸ್ಥ, `Leiterin` ಅಂದರೆ ಮುಖ್ಯಸ್ಥೆ. `Professorin` ಕೂಡ ಹಾಗೇ. ಕೊನೆಯ `in` ನೋಡಿದರೆ ಗೊತ್ತಾಗುತ್ತದೆ. ಅದೂ ಸಿಗದಿದ್ದರೆ `Guten Tag` ಹಾಕಿ ಪೂರ್ತಿ ಹೆಸರು ಬರೆಯಬಹುದು. ಅದರಲ್ಲಿ ಲಿಂಗ ಬರುವುದಿಲ್ಲ.

ಆದರೂ ಕಾವ್ಯಗೆ ನನ್ನ ಸಲಹೆ, ಬೆರಕೆ ಮಾಡಬೇಡಿ. ಜರ್ಮನ್‌ನಲ್ಲಿ ಕರೆದರೆ ಅವರು ಪೂರ್ತಿ ಜರ್ಮನ್‌ನಲ್ಲೇ ಉತ್ತರ ಕೊಡಬಹುದು. ಇಂಗ್ಲಿಷ್ ಮೇಲ್‌ಗೆ ಇಂಗ್ಲಿಷ್ ಶುರು.

ಟಿ.ಎನ್.ಆರ್.

ನೀವೆಲ್ಲ ಅವರನ್ನು ಹೇಗೆ ಕರೆಯಬೇಕು ಅಂತ ಮಾತಾಡುತ್ತಿದ್ದೀರಿ. ಅವರು ನಮ್ಮನ್ನು ಹೇಗೆ ಕರೆಯಬೇಕು? ನನ್ನ ಹೆಸರಿನಲ್ಲಿ ಮೂರು ಇನಿಶಿಯಲ್ ಇದ್ದವು. ಒಂದು ಊರು, ಒಂದು ಅಪ್ಪ, ಒಂದು ನಾನೇ. ಫಾರ್ಮ್ ತುಂಬುವಾಗ ಕೊನೆಯ ಹೆಸರಿನ ಜಾಗದಲ್ಲಿ ಊರು ಬಿಡಿಸಿ ಬರೆದೆ. ಆಮೇಲೆ ಎರಡು ವರ್ಷ ಅಲ್ಲಿಯ ಎಲ್ಲ ಮೇಲ್‌ಗಳೂ 'ಡಿಯರ್ ಮಿಸ್ಟರ್ ತುರುವೇಕೆರೆ' ಅಂತಲೇ ಬಂದವು. ನಮ್ಮ ತಂದೆಗೆ ಹೇಳಿದರೆ, ಊರಿನ ಹೆಸರು ಉಳಿಸಿದೆಯಲ್ಲ ಮಗನೇ ಅಂದರು. ಆದರೆ ನನಗೆ ಪ್ರತಿ ಸಲ ಬೇರೆ ಯಾರನ್ನೋ ಕರೆದ ಹಾಗಾಗುತ್ತಿತ್ತು.

ಕಾವ್ಯ ಎಚ್.ಎಂ.

ಅಯ್ಯೋ, ಇದು ನನಗೂ ಆಗಿದೆ! ಸ್ಕಾಲರ್‌ಶಿಪ್ ಕಚೇರಿಯೊಂದರಿಂದ 'ಡಿಯರ್ ಮಿಸ್ಟರ್ ಎಂ' ಅಂತ ಬಂದಿತ್ತು. ಎಚ್ ನಮ್ಮೂರು, ಎಂ ಅಪ್ಪ. ನಾನು ಏನು ಬರೆಯಬೇಕು ಕೆಳಗೆ?

ಡ್ರೆಸ್ಡೆನ್ ಡೈರಿ

ಮೇಲ್‌ನ ಕೊನೆಗೆ ಕೈಯಾರೆ ಬರೆಯುವ ಹೆಸರು ಬರೀ 'ಕಾವ್ಯ' ಇರಲಿ. ಅದರ ಕೆಳಗೆ ಪೂರ್ತಿ ಹೆಸರು, ವಿಭಾಗ, ಕಾಲೇಜು. ಬೇಕಾದರೆ ಪೂರ್ತಿ ಹೆಸರಿನ ಹಿಂದೆ 'ಮಿಸ್' ಅಂತ ಸೇರಿಸಿ, `Ms` ಅಂತ. ಆಗ ಅವರಿಗೂ ಉತ್ತರದ ಮೊದಲ ಸಾಲು ಸುಲಭ. ಅರ್ಜಿಯ ದಾಖಲೆಗಳಲ್ಲಿ ಮಾತ್ರ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇರಬೇಕು, ಅಲ್ಲಿ ಬದಲಿಸಬೇಡಿ.

ಲೀಡ್ಸ್ ನರ್ಸ್

ಇಂಗ್ಲೆಂಡಿನ ಒಂದು ವಿಷಯ ಸೇರಿಸುತ್ತೇನೆ. ಎಲ್ಲ ಕಡೆ ದೊಡ್ಡ ಪದವಿ ಹಾಕಿದರೆ ಸರಿ ಅಂತಲ್ಲ. ನಾನು ಆಸ್ಪತ್ರೆಗೆ ಹೊಸದಾಗಿ ಸೇರಿದಾಗ ಒಬ್ಬ ಸರ್ಜನ್‌ಗೆ 'ಡಿಯರ್ ಡಾಕ್ಟರ್' ಅಂತ ಬರೆದೆ. ಪಕ್ಕದ ಸಿಸ್ಟರ್ ಕಳಿಸುವ ಮೊದಲೇ ತಡೆದರು. ಇಲ್ಲಿ ಫಿಸಿಶಿಯನ್ 'ಡಾಕ್ಟರ್', ಸರ್ಜನ್ ಮಾತ್ರ 'ಮಿಸ್ಟರ್' ಅಥವಾ 'ಮಿಸ್'. ಹಳೆಯ ಕಾಲದಿಂದ ಬಂದ ಪದ್ಧತಿ, ಅವರಿಗೆ ಅದು ಹೆಮ್ಮೆ. ಹಾಗೇ ಇಲ್ಲಿ 'ಪ್ರೊಫೆಸರ್' ಅಂದರೆ ಆ ಹುದ್ದೆ ಪಡೆದವರು ಮಾತ್ರ. ಲೆಕ್ಚರರ್‌ಗೆ 'ಡಾಕ್ಟರ್' ಸಾಕು. ನನ್ನ ತಂಗಿ ಅಮೆರಿಕದಲ್ಲಿ ಓದುತ್ತಾಳೆ, ಅಲ್ಲಿ ಪಾಠ ಮಾಡುವ ಹೆಚ್ಚಿನವರನ್ನು ಪ್ರೊಫೆಸರ್ ಅಂತಲೇ ಕರೆಯುತ್ತಾರಂತೆ.

ಕಾವ್ಯ ಎಚ್.ಎಂ.

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಆ ಮೇಡಂಗೆ ಹೀಗೆ ಬರೆದಿದ್ದೇನೆ (ನಿಜವಾದ ಹೆಸರಿನ ಬದಲು ಮುಲ್ಲರ್ ಅಂತಲೇ ಹಾಕಿದ್ದೇನೆ). ಇನ್ನೂ ಕಳಿಸಿಲ್ಲ.

```
Dear Professor Muller,
I am extremely sorry for my grave mistake.
Kindly forgive me. I did not mean any disrespect.
```

ಇದಾದ ಮೇಲೆ ನನ್ನ ಪ್ರಾಜೆಕ್ಟ್ ಬಗ್ಗೆ ಇದೆ.

ಡ್ರೆಸ್ಡೆನ್ ಡೈರಿ

ಎರಡು ತಿದ್ದುಪಡಿ. `u` ಮೇಲಿನ ಎರಡು ಚುಕ್ಕೆ ಬಿಟ್ಟುಹೋಗಿದೆ. ಪುಟದಿಂದ ಹೆಸರನ್ನು ಕಾಪಿ ಮಾಡಿ. ಆಗದಿದ್ದರೆ `Mueller` ಅಂತ ಬರೆಯಿರಿ. ಚುಕ್ಕೆಯ ಬದಲು ಪಕ್ಕದಲ್ಲಿ `e` ಹಾಕುವುದು ಇಲ್ಲಿಯವರೇ ಒಪ್ಪುವ ರೀತಿ. ಬರೀ `Muller` ಆದರೆ ಅದು ಬೇರೆಯೇ ಹೆಸರು. ಹಾಗೇ ಯಾರದ್ದಾದರೂ ಹೆಸರಿನಲ್ಲಿ `von` ಇದ್ದರೆ ಅದನ್ನೂ ಸೇರಿಸಬೇಕು.

ಇನ್ನೊಂದು, ಇಷ್ಟು ಕ್ಷಮೆ ಬೇಡ. ಅವರು ಉತ್ತರ ಬರೆದಿದ್ದಾರೆ ಅಂದ್ರೆ ಬಾಗಿಲು ಮುಚ್ಚಿಲ್ಲ. ಪುಟ ನೋಡಿ ಅಂತ ಹೇಳಿದ್ದಾರೆ. ನೋಡಿದ್ದೀರಿ ಅಂತ ತೋರಿಸಿ. ಹೀಗೆ ಬರೆದರೆ ಹೇಗೆ?

```
Dear Professor Müller,
Thank you for your reply, and I apologise for the
wrong salutation. I have now read your group page.
My MSc work on finger millet roots is close to your
drought project.
```

ಕ್ಷಮೆ ಒಂದೇ ಸಾಲಿನಲ್ಲಿ ಮುಗಿಯಿತು. ತಕ್ಷಣ ಕೆಲಸದ ಮಾತು. ಆರೋಗ್ಯ ವಿಚಾರಿಸುವ ಸಾಲು ತೆಗೆದಿದ್ದೇನೆ. ಮೇಲ್ ಪಟ್ಟಿಯಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಅಲ್ಲಿ ರಾಗಿ ಬೇರು ಕಾಣಬೇಕು, ಶುಭಾಶಯ ಅಲ್ಲ.

ನಿವೃತ್ತ ಗುಮಾಸ್ತ

ಕುಶಲ ಕೇಳದೆ ನೇರ ವಿಷಯಕ್ಕೆ ಹೋಗುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ನಮ್ಮ ಮನೆ ಪತ್ರಗಳೆಲ್ಲ 'ಕ್ಷೇಮ, ಕ್ಷೇಮಕ್ಕೆ ಬರೆಯಿರಿ' ಅಂತಲೇ ಶುರುವಾಗುತ್ತಿದ್ದವು. ಆದರೆ ಅಲ್ಲಿಯ ರೂಢಿ ನಿಮಗೆ ಗೊತ್ತು, ನೀವು ಹೇಳಿದ ಹಾಗೇ ಆಗಲಿ. ಆ 'ಸರ್ ಆರ್ ಮೇಡಂ' ಮಾತನ್ನೂ ವಾಪಸ್ ತೆಗೆದುಕೊಳ್ಳುತ್ತೇನೆ. ನಮ್ಮ ಕಾಲದಲ್ಲಿ ಎದುರಿನವರ ಹೆಸರು ಹುಡುಕುವ ದಾರಿ ಇರಲಿಲ್ಲ.

ಕಾವ್ಯ ಎಚ್.ಎಂ.

ಅಕ್ಕ, ಇನ್ನೊಂದು ಸಂಶಯ. ಅವರು ಉತ್ತರ ಕೊಟ್ಟರೆ, ಆಮೇಲೂ ಪ್ರತಿ ಸಲ 'ಡಿಯರ್ ಪ್ರೊಫೆಸರ್ ಮುಲ್ಲರ್' ಅಂತಲೇ ಬರೆಯಬೇಕಾ? ನನ್ನ ಸೀನಿಯರ್ ಒಬ್ಬರು ತಮ್ಮ ಗೈಡ್‌ಗೆ 'ಹಾಯ್ ಯೂಲಿಯಾ' ಅಂತ ಬರೆಯುತ್ತಾರೆ. ನನಗೆ ಅದನ್ನು ಟೈಪ್ ಮಾಡಲು ಕೈಯೇ ಬರುವುದಿಲ್ಲ.

ಡ್ರೆಸ್ಡೆನ್ ಡೈರಿ

ಅದಕ್ಕೆ ಅವರ ಉತ್ತರದ ಕೊನೆ ನೋಡಬೇಕು. ಅವರು ಕೈಯಾರೆ 'ಬೆಸ್ಟ್, ಯೂಲಿಯಾ' ಅಂತ ಬರೆದಿದ್ದರೆ ಅದು ಆಹ್ವಾನ. ಮುಂದಿನ ಮೇಲ್ 'ಡಿಯರ್ ಯೂಲಿಯಾ' ಆಗಬಹುದು. ಪೂರ್ತಿ ಹೆಸರು ಬರೆದಿದ್ದರೆ ಆಹ್ವಾನ ಅಲ್ಲ, ನೀವು ಇದ್ದ ಕಡೆಯೇ ಇರಿ. ಕೆಳಗೆ ತಾನಾಗಿ ಬರುವ ವಿಳಾಸದ ಪಟ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅದು ಎಲ್ಲರಿಗೂ ಒಂದೇ.

ಹಾಗೇ ಅವರು ನಿಮ್ಮನ್ನು 'ಡಿಯರ್ ಕಾವ್ಯ' ಅಂತ ಕರೆದಿದ್ದಾರೆ ಅನ್ನುವುದೊಂದೇ ಸಾಲದು. ಹಿರಿಯರು ಕಿರಿಯರನ್ನು ಹಾಗೆ ಕರೆಯುತ್ತಾರೆ. ತಮ್ಮನ್ನು ಏನೆಂದು ಬರೆದುಕೊಂಡಿದ್ದಾರೆ ಅನ್ನುವುದು ಮುಖ್ಯ.

ಮಲ್ಲೇಶ್ವರದ ಎಚ್‌ಆರ್

ಇದನ್ನು ಒಪ್ಪುತ್ತೇನೆ. ಆದರೆ ಒಂದು ಸೇರಿಸುತ್ತೇನೆ. ಅವರು ಮೊದಲ ಹೆಸರು ಬರೆದ ಮೇಲೂ ನೀವು 'ಪ್ರೊಫೆಸರ್' ಅಂತಲೇ ಹಿಡಿದರೆ, ಕೈ ಚಾಚಿದವರಿಗೆ ಕೈ ಕೊಡದ ಹಾಗಾಗುತ್ತದೆ. ನನಗೆ 'ಮ್ಯಾಮ್' ಬೇಡ ಅಂತ ಹೇಳಿದ ಮೇಲೂ ಕೆಲವರು ಬಿಡುವುದಿಲ್ಲ. ನನಗೆ ನಿಜವಾಗಿಯೂ ಕಷ್ಟ ಆಗುತ್ತದೆ.

ಡ್ರೆಸ್ಡೆನ್ ಡೈರಿ

ಬಾಯಿಬಿಟ್ಟು 'ಹೆಸರಿಂದ ಕರೆಯಿರಿ' ಅಂತ ಹೇಳಿದರೆ ಬದಲಿಸಲೇಬೇಕು, ಅದು ಸರಿ. ಬರೀ ಸಹಿಯಲ್ಲಿ ಮೊದಲ ಹೆಸರು ಇದ್ದಾಗ ಇನ್ನೊಂದೆರಡು ಮೇಲ್‌ವರೆಗೆ 'ಪ್ರೊಫೆಸರ್' ಉಳಿಸಿಕೊಂಡರೆ ಇಲ್ಲಿ ಯಾರೂ ಬೇಸರ ಮಾಡಿಕೊಂಡಿದ್ದನ್ನು ನಾನು ನೋಡಿಲ್ಲ. ಬೇಗ ಸಲುಗೆ ತೆಗೆದುಕೊಂಡಿದ್ದಕ್ಕೆ ಬೇಸರ ಆಗಿದ್ದನ್ನು ನೋಡಿದ್ದೇನೆ.

ಲೀಡ್ಸ್ ನರ್ಸ್

ನಮ್ಮಲ್ಲಿ ಹಾಗಲ್ಲ ಅಕ್ಕ. ಇಲ್ಲಿ ಎರಡನೇ ಮೇಲ್‌ಗೇ ಮೊದಲ ಹೆಸರಿಗೆ ಬರದಿದ್ದರೆ, ಏನಾದರೂ ಕೋಪವಾ ಅಂತ ಕೇಳುತ್ತಾರೆ.

ಸೀಗೇಹಳ್ಳಿ ರೈತ

'ಮಾನ್ಯರೇ' ಅಂತ ಬರೆದು ಕಳಿಸಿದೆ. ಸ್ವೀಕೃತಿ ಬಂದಿದೆ. ಹೊಸಬರು ಹೆಂಗಸೇ ಅಂತೆ. ಗುಮಾಸ್ತರಿಗೆ ನಮಸ್ಕಾರ.

ಕಾವ್ಯ ಎಚ್.ಎಂ.

ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಡ್ರೆಸ್ಡೆನ್ ಅಕ್ಕ ಹೇಳಿದ ಹಾಗೇ ಮೇಲ್ ಕಳಿಸಿದೆ. ಉತ್ತರ ಬಂತು! 'ಡಿಯರ್ ಕಾವ್ಯ' ಅಂತ ಶುರು. ರಾಗಿ ಬೇರಿನ ಚಿತ್ರಗಳನ್ನು ಕಳಿಸಲು ಹೇಳಿದ್ದಾರೆ, ಮುಂದಿನ ವಾರ ಮಾತಾಡೋಣ ಅಂದಿದ್ದಾರೆ. ಆದರೆ ಕೊನೆಗೆ ಸಹಿ ಹೀಗಿದೆ:

```
Best wishes
JM
```

ಎರಡೇ ಅಕ್ಷರ. ಈಗ ಇದು ಆಹ್ವಾನವಾ, ಅಲ್ಲವಾ?

ಮಲ್ಲೇಶ್ವರದ ಎಚ್‌ಆರ್

ಆಹ್ವಾನವೇ! ಪದವಿ ಇಲ್ಲ, ಮನೆತನದ ಹೆಸರೂ ಇಲ್ಲ. ಸಲುಗೆಯಿಂದ ಬರೆದಿದ್ದಾರೆ. 'ಡಿಯರ್ ಯೂಲಿಯಾ' ಥರ ಅವರ ಮೊದಲ ಹೆಸರು ಹಾಕಿ.

ಡ್ರೆಸ್ಡೆನ್ ಡೈರಿ

ನನಗೆ ಹಾಗನಿಸುವುದಿಲ್ಲ. ಅವಸರದಲ್ಲಿ ಬರೆಯುವವರು ಹೀಗೆ ಎರಡು ಅಕ್ಷರ ಹಾಕುತ್ತಾರೆ, ನಮ್ಮ ಬಾಸ್ ಎಲ್ಲರಿಗೂ ಹಾಗೇ. ಕರೆಯಲು ಒಂದು ಹೆಸರನ್ನು ಅವರು ನಿಮ್ಮ ಕೈಗೆ ಕೊಟ್ಟಿಲ್ಲ. ಮುಂದಿನ ವಾರ ವಿಡಿಯೋದಲ್ಲಿ ತಮ್ಮನ್ನು ಏನೆಂದು ಹೇಳಿಕೊಳ್ಳುತ್ತಾರೆ ಕೇಳಿಸಿಕೊಳ್ಳಿ.

ಕಾವ್ಯ ಎಚ್.ಎಂ.

ಸರಿ ಅಕ್ಕ. ಚಿತ್ರಗಳ ಜೊತೆ ಈಗಷ್ಟೇ 'ಡಿಯರ್ ಪ್ರೊಫೆಸರ್ ಮುಲ್ಲರ್' ಅಂತಲೇ ಕಳಿಸಿದೆ, ಎರಡು ಚುಕ್ಕೆ ಸಮೇತ. ಗುರುವಾರ ಮಾತಾಡಿದ ಮೇಲೆ ಬಂದು ಬರೆಯುತ್ತೇನೆ.